ಕರೆಂಟ್ ಅಕೌಂಟ್‌ನಲ್ಲಿ ಎಷ್ಟು ದುಡ್ಡು ಬಿಡಬೇಕು? ಮಾಟುಂಗದ ಕೇಟರಿಂಗ್ ಲೆಕ್ಕದಲ್ಲಿ ಮಿಲ್ಲರ್–ಆರ್ ಸೂತ್ರ

ಮುಂಬೈಯ ಮಾಟುಂಗದಲ್ಲಿ ನಮ್ಮ ಭಾವನದ್ದು ಒಂದು ಚಿಕ್ಕ ಕೇಟರಿಂಗ್ ವ್ಯವಹಾರ. ಎರಡು ಆಫೀಸ್ ಕ್ಯಾಂಟೀನು, ಅದರ ಮೇಲೆ ಮುಂಜಿ, ಸೀಮಂತ, ಗೃಹಪ್ರವೇಶದ ಊಟ. ಲೆಕ್ಕ ನೋಡಿಕೊಳ್ಳುವುದು ನಾನು. ಎರಡು ವರ್ಷದ ಹಿಂದೆ ಅವರ ಕರೆಂಟ್ ಅಕೌಂಟ್‌ನಲ್ಲಿ ಯಾವಾಗ ನೋಡಿದರೂ ಐದು ಲಕ್ಷದ ಆಸುಪಾಸು ಸುಮ್ನೆ ಬಿದ್ದಿರುತ್ತಿತ್ತು. ಕರೆಂಟ್ ಅಕೌಂಟ್‌ಗೆ ಬಡ್ಡಿ ಇಲ್ಲ. "ದುಡ್ಡು ಲಿಕ್ವಿಡ್ ಫಂಡ್‌ಗೆ ಹಾಕುವ ಭಾವ" ಅಂದೆ. ಬೇಕಾದಾಗ ಬೇಗ ತೆಗೆಯಬಹುದಾದ ಮ್ಯೂಚುವಲ್ ಫಂಡ್ ಅದು. "ಅಕೌಂಟ್‌ನಲ್ಲಿ ದುಡ್ಡಿದ್ರೆ ರಾತ್ರಿ ನಿದ್ದೆ ಬರ್ತದೆ ಮಾರಾಯ" ಅಂದರು. ಹಾಗಾದರೆ ನಿದ್ದೆಗೆ ಎಷ್ಟು ಸಾಕು? ಎರಡು ಲಕ್ಷವೋ ನಾಲ್ಕೋ? ಊಹೆಯಲ್ಲಿ ಹೇಳುವುದು ಬೇಡ ಅಂತ ಲೆಕ್ಕಕ್ಕೆ ಕೂತೆ. ಆ ಲೆಕ್ಕವನ್ನೇ ಇಲ್ಲಿ ಮೊದಲಿಂದ ಕೊನೆಯವರೆಗೆ ಹಾಕಿದ್ದೇನೆ. ನಿಮ್ಮ ಅಂಗಡಿಗೆ ನೀವೇ ಮಾಡಿಕೊಳ್ಳಬಹುದು.

ಯಾವ ಮಾದರಿ ಯಾರಿಗೆ

ನಗದು ನಿರ್ವಹಣೆಯಲ್ಲಿ ಎರಡು ಹಳೆಯ ಮಾದರಿಗಳಿವೆ. 1952ರಲ್ಲಿ ವಿಲಿಯಂ ಬೌಮೋಲ್ ಕೊಟ್ಟದ್ದು ಒಂದು. ಗೋದಾಮಿನ ಸ್ಟಾಕಿಗೆ ಮಾಡುವ ಲೆಕ್ಕವನ್ನೇ ಅವರು ನಗದಿಗೆ ಹಚ್ಚಿದರು. ಖರ್ಚು ಒಂದೇ ವೇಗದಲ್ಲಿ, ಗೊತ್ತಿರುವ ಹಾಗೆ ಹೋಗುತ್ತಿದ್ದರೆ ಒಂದು ಸಲಕ್ಕೆ ಎಷ್ಟು ತೆಗೆಯಬೇಕು ಅಂತ ಅದು ಹೇಳುತ್ತದೆ:

```
C = √(2 × b × T / i)
```

`C` ಒಂದು ಸಲಕ್ಕೆ ತೆಗೆಯುವ ಮೊತ್ತ, `T` ತಿಂಗಳ ಖರ್ಚು, `b` ಒಂದು ಸಲ ತೆಗೆಯಲು ತಗಲುವ ಖರ್ಚು, `i` ತಿಂಗಳ ಬಡ್ಡಿ. ತಿಂಗಳಿಗೆ 3 ಲಕ್ಷ ಸಮವಾಗಿ ಖರ್ಚಾಗುತ್ತದೆ, ಒಂದು ಸಲ ತೆಗೆಯಲು 150 ರೂಪಾಯಿ ತಗಲುತ್ತದೆ, ತಿಂಗಳ ಬಡ್ಡಿ 0.54% ಅಂತಿಟ್ಟುಕೊಳ್ಳಿ. ಉತ್ತರ ಸುಮಾರು 1,29,000. ಅಂದರೆ ತಿಂಗಳಿಗೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಫಂಡ್‌ನಿಂದ ತೆಗೆದರೆ ಸಾಕು. ಸಂಬಳ, ಬಾಡಿಗೆ ಬಿಟ್ಟು ಬೇರೆ ಏನೂ ಇಲ್ಲದ ಆಫೀಸಿಗೆ ಇದು ಸರಿ.

ಭಾವನ ವ್ಯವಹಾರ ಹಾಗಲ್ಲ. ಇವತ್ತು ಮುಲುಂಡಿನ ಪಾರ್ಟಿ ಬಾಕಿ ಕೊಟ್ಟರೆ ಅರವತ್ತು ಸಾವಿರ ಬರುತ್ತದೆ. ನಾಳೆ ವಾಶಿ ಮಾರ್ಕೆಟ್‌ನ ಅಕ್ಕಿ, ಬೇಳೆ ಬಿಲ್ಲಿಗೆ ಐವತ್ತು ಸಾವಿರ ಹೋಗುತ್ತದೆ. ಯಾವ ದಿನ ಏನು ಅಂತ ಮೊದಲೇ ಹೇಳುವುದಕ್ಕೆ ಬರುವುದಿಲ್ಲ. ಇಂಥವರಿಗೆ ಇರುವುದು 1966ರಲ್ಲಿ ಮರ್ಟನ್ ಮಿಲ್ಲರ್ ಮತ್ತು ಡೇನಿಯಲ್ ಆರ್ ಸೇರಿ ಕೊಟ್ಟ ಮಾದರಿ. ಮುಂದಿನದ್ದೆಲ್ಲ ಅದರದ್ದೇ.

ಅದರ ವಿಚಾರ ಸರಳ. ಬ್ಯಾಲೆನ್ಸ್‌ಗೆ ಕೆಳಗೊಂದು ಗೆರೆ, ಮೇಲೊಂದು ಗೆರೆ ಎಳೆಯುತ್ತೀರಿ. ಎರಡರ ನಡುವೆ ಅದು ಏರಲಿ, ಇಳಿಯಲಿ, ನೀವು ಕೈ ಹಾಕುವುದಿಲ್ಲ. ಕೆಳಗಿನ ಗೆರೆ ಮುಟ್ಟಿದರೆ ಫಂಡ್‌ನಿಂದ ದುಡ್ಡು ತರುತ್ತೀರಿ. ಮೇಲಿನದ್ದು ಮುಟ್ಟಿದರೆ ಹೆಚ್ಚಿನದ್ದನ್ನು ಫಂಡ್‌ಗೆ ಹಾಕುತ್ತೀರಿ. ಎರಡೂ ಸಲ ಬ್ಯಾಲೆನ್ಸ್ ಒಂದೇ ಮಟ್ಟಕ್ಕೆ ವಾಪಸ್ ಬರಬೇಕು. ಆ ಮಟ್ಟವೇ ರಿಟರ್ನ್ ಪಾಯಿಂಟ್.

ಮೊದಲ ಕೆಲಸ: ಏರಿಳಿತ ಅಳೆಯುವುದು

ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ದಿನಕ್ಕೊಂದು ಸಾಲು ಮಾಡಿ, ಆ ದಿನ ಬಂದದ್ದರಲ್ಲಿ ಹೋದದ್ದನ್ನು ಕಳೆಯಿರಿ. ಎರಡು ಮೂರು ತಿಂಗಳದ್ದು ಬೇಕು.

ಆದರೆ ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಜಾಸ್ತಿ ಜನ ತಪ್ಪುವುದು ಇಲ್ಲೇ. ದಿನಾಂಕ, ಮೊತ್ತ ಎರಡೂ ಮೊದಲೇ ಗೊತ್ತಿರುವುದನ್ನೆಲ್ಲ ಈ ಪಟ್ಟಿಯಿಂದ ತೆಗೆದುಹಾಕಬೇಕು. 20ನೇ ತಾರೀಕಿನ ಜಿಎಸ್‌ಟಿ, ಒಂದನೇ ತಾರೀಕಿನ ಅಡುಗೆಯವರ ಸಂಬಳ, ಗೋದಾಮಿನ ಬಾಡಿಗೆ, ಕ್ಯಾಂಟೀನ್‌ನಿಂದ ತಿಂಗಳಿಗೊಮ್ಮೆ ಬರುವ ಚೆಕ್ಕು. ಇವು ಗೊತ್ತಿರುವ ಬಾಬ್ತು, ಏರಿಳಿತ ಅಲ್ಲ. ಅದಕ್ಕೆ ಬೇಕಾದ ದುಡ್ಡನ್ನು ಬೇರೆ ಲೆಕ್ಕದಲ್ಲಿ ಆ ದಿನಕ್ಕೆ ಎತ್ತಿಟ್ಟರಾಯಿತು. ನಾನು ಮೊದಲ ಸಲ ಇವನ್ನು ತೆಗೆದುಹಾಕಿರಲಿಲ್ಲ. ತಿಂಗಳಿಗೊಂದು ಎರಡು ಲಕ್ಷದ ಸಂಬಳ ಸೇರಿದ್ದಕ್ಕೆ ಏರಿಳಿತ ಎಲ್ಲೋ ಹೋಗಿ ಕೂತಿತ್ತು. ಅದರಂತೆ ಗೆರೆ ಎಳೆದಿದ್ದರೆ ಹಳೆಯ ಐದು ಲಕ್ಷವೇ ಕಡಿಮೆ ಅನ್ನಿಸುತ್ತಿತ್ತು.

ಪೂರ್ತಿ ಪಟ್ಟಿ ಇಲ್ಲಿ ಹಾಕುವುದಿಲ್ಲ. ಲೆಕ್ಕ ಹೇಗೆ ಅಂತ ಕಾಣಲು ಹತ್ತು ದಿನ ಸಾಕು. ಸಾವಿರ ರೂಪಾಯಿಗಳಲ್ಲಿ:

```
+32  -18  -55  +61  +8  -40  +45  -50  +12  +5
```

ಎಲ್ಲ ಕೂಡಿದರೆ ಸೊನ್ನೆ, ಹಾಗಾಗಿ ಸರಾಸರಿಯೂ ಸೊನ್ನೆ. ಒಂದೊಂದನ್ನೂ ಅದರಿಂದಲೇ ಗುಣಿಸಿ ಕೂಡಿದರೆ 14,452. ಅದನ್ನು ಒಂಬತ್ತರಿಂದ ಭಾಗಿಸಿದರೆ 1,606. ಅದರ ವರ್ಗಮೂಲ 40ರ ಮೇಲೆ ಚೂರು. ಅಂದರೆ ದಿನದ ಏರಿಳಿತ, ಪುಸ್ತಕದ ಭಾಷೆಯಲ್ಲಿ ಸ್ಟ್ಯಾಂಡರ್ಡ್ ಡಿವಿಯೇಶನ್, ಸುಮಾರು 40,000 ರೂಪಾಯಿ. ಕೈಯಲ್ಲಿ ಮಾಡಬೇಕಾಗಿಲ್ಲ, ಶೀಟ್‌ನಲ್ಲಿ ಒಂದು ಸಾಲು ಸಾಕು:

```
=STDEV(B2:B61)
```

ಎರಡನೆಯದು: ಒಂದು ವಹಿವಾಟಿನ ಖರ್ಚು, ಒಂದು ದಿನದ ಬಡ್ಡಿ

ಫಂಡ್‌ಗೆ ಹಾಕಲು ಅಥವಾ ತೆಗೆಯಲು ಒಂದು ಸಲಕ್ಕೆ ಎಷ್ಟು ಖರ್ಚು? ಬ್ರೋಕರೇಜ್ ಇಲ್ಲದೆ ಮಾಡಬಹುದು, ಹಾಗಂತ ಪುಕ್ಕಟೆ ಅಲ್ಲ. ನಾನು ಲಾಗಿನ್ ಆಗಬೇಕು, ಭಾವನಿಂದ ಓಟಿಪಿ ಕೇಳಬೇಕು. ಅವರು ಒಲೆಯ ಮುಂದೆ ನಿಂತಿದ್ದರೆ ಫೋನ್ ಎತ್ತುವುದಿಲ್ಲ. ಆಮೇಲೆ ಎಂಟ್ರಿ ಹಾಕಬೇಕು, ಮಾರನೇ ದಿನ ದುಡ್ಡು ಬಂತಾ ಅಂತ ನೋಡಬೇಕು. ಇಷ್ಟಕ್ಕೆಲ್ಲ 150 ರೂಪಾಯಿ ಅಂತ ಇಟ್ಟೆ. ಕೊಳ್ಳುವಾಗ ಹಿಡಿಯುವ 0.005% ಸ್ಟಾಂಪ್ ಡ್ಯೂಟಿ ಎರಡು ಲಕ್ಷಕ್ಕೆ ಹತ್ತು ರೂಪಾಯಿ. ಲಿಕ್ವಿಡ್ ಫಂಡ್‌ನಲ್ಲಿ ಏಳು ದಿನದೊಳಗೆ ತೆಗೆದರೆ ಬೀಳುವ ಎಕ್ಸಿಟ್ ಲೋಡ್ ಮೊದಲ ದಿನ 0.007%, ಅಂದರೆ ಲಕ್ಷಕ್ಕೆ ಏಳು ರೂಪಾಯಿ. ಇವೆರಡೂ ಮೊತ್ತದ ಜೊತೆ ಬೆಳೆಯುವ ಖರ್ಚು, ಸೂತ್ರ ಕೇಳುವುದು ಮೊತ್ತ ಎಷ್ಟೇ ಇದ್ದರೂ ಪ್ರತಿ ಸಲ ಒಂದೇ ಇರುವ ಖರ್ಚು. ಚಿಲ್ಲರೆ ಮೊತ್ತವಾದ್ದರಿಂದ ಬಿಟ್ಟೆ.

ಬಡ್ಡಿಯನ್ನು ವರ್ಷಕ್ಕೆ 6.57% ಅಂತ ಹಿಡಿದೆ. 365ರಿಂದ ಭಾಗಿಸಿದರೆ ದಿನಕ್ಕೆ 0.018%, ಸೂತ್ರದಲ್ಲಿ ಬರೆಯುವಾಗ 0.00018. ನಿಮ್ಮ ಫಂಡ್ ಈಗ ಎಷ್ಟು ಕೊಡುತ್ತಿದೆಯೋ ಅದನ್ನು ಹಾಕಿ. ಏರಿಳಿತ ದಿನದ್ದಾದರೆ ಬಡ್ಡಿಯೂ ದಿನದ್ದೇ ಆಗಬೇಕು. ಇಲ್ಲಿ ವರ್ಷದ ಬಡ್ಡಿ ಹಾಕಿಬಿಟ್ಟರೆ ಉತ್ತರ ಏಳು ಪಾಲಿನಲ್ಲಿ ಒಂದು ಪಾಲು ಬರುತ್ತದೆ. ದಿನ ಬಿಟ್ಟು ದಿನ ಗೆರೆ ಮುಟ್ಟುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಮೂರನೆಯದು: ಕೆಳಗಿನ ಗೆರೆ ನೀವೇ ಹಾಕಬೇಕು

ಕೆಳಗಿನ ಮಿತಿಯನ್ನು ಸೂತ್ರ ಕೊಡುವುದಿಲ್ಲ. ಅದು ಮಾಲೀಕನ ತೀರ್ಮಾನ. ನಾನು ಹಾಕಿದ್ದು ಹೀಗೆ: ಬ್ಯಾಂಕ್‌ನವರು ಇರಲೇಬೇಕು ಅನ್ನುವ ಬ್ಯಾಲೆನ್ಸ್ 25,000. ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟ ದಿನ ಹೋದದ್ದು 55,000. ಎರಡೂ ಸೇರಿ 80,000.

ಕೆಟ್ಟ ದಿನವನ್ನು ಯಾಕೆ ಸೇರಿಸಿದೆ ಅಂದರೆ, ಲಿಕ್ವಿಡ್ ಫಂಡ್‌ನಿಂದ ತೆಗೆದ ದುಡ್ಡು ಸಾಮಾನ್ಯವಾಗಿ ಅವತ್ತೇ ಸಿಗುವುದಿಲ್ಲ. ಮಧ್ಯಾಹ್ನ ಮೂರರೊಳಗೆ ಹೇಳಿದರೆ ಮುಂದಿನ ಕೆಲಸದ ದಿನ ಅಕೌಂಟ್‌ಗೆ ಬರುತ್ತದೆ. ಆ ಒಂದು ದಿನ ಗೆರೆಯ ಕೆಳಗೆ ಇರುವ ದುಡ್ಡಿನಲ್ಲೇ ಕಳೆಯಬೇಕು. ಪುಸ್ತಕದ ಲೆಕ್ಕಗಳಲ್ಲಿ ಕೆಳಗಿನ ಮಿತಿಯನ್ನು ಸೊನ್ನೆ ಅಂತ ಇಟ್ಟಿರುವುದನ್ನು ನೋಡಿರಬಹುದು. ಪರೀಕ್ಷೆಗೆ ಸರಿ, ಅಂಗಡಿಗೆ ಆಗುವುದಿಲ್ಲ.

ನಾಲ್ಕನೆಯದು: ಸೂತ್ರ

```
Z = (3 × b × σ² / (4 × i))^(1/3)
R = L + Z
H = L + 3Z
```

`b` ಒಂದು ವಹಿವಾಟಿನ ಖರ್ಚು, `σ` ದಿನದ ಏರಿಳಿತ, `i` ದಿನದ ಬಡ್ಡಿ, `L` ಕೆಳಗಿನ ಮಿತಿ, `R` ರಿಟರ್ನ್ ಪಾಯಿಂಟ್, `H` ಮೇಲಿನ ಮಿತಿ. `Z` ಅಂದರೆ ಕೆಳಗಿನ ಗೆರೆಯಿಂದ ರಿಟರ್ನ್ ಪಾಯಿಂಟ್‌ವರೆಗಿನ ಅಂತರ.

ಅಂಕಿ ಹಾಕೋಣ. 40,000ವನ್ನು 40,000ದಿಂದ ಗುಣಿಸಿದರೆ 160 ಕೋಟಿ. ಮೂರು ಸಲ 150 ಅಂದರೆ 450. ಅದರಿಂದ ಗುಣಿಸಿದರೆ 72,000 ಕೋಟಿ. ಕೆಳಗೆ ನಾಲ್ಕು ಸಲ 0.00018, ಅಂದರೆ 0.00072. ಭಾಗಿಸಿದರೆ ಒಂದರ ಮುಂದೆ ಹದಿನೈದು ಸೊನ್ನೆ. ಅದರ ಘನಮೂಲ 1,00,000. ಇಷ್ಟು ಚೊಕ್ಕವಾಗಿ ಬಂದದ್ದು ನಾನು ಏರಿಳಿತವನ್ನು 40,000ಕ್ಕೆ ಸುತ್ತು ಮಾಡಿ, ಖರ್ಚನ್ನು 150 ಅಂತ ಇಟ್ಟದ್ದಕ್ಕೆ. ನಿಮಗೆ ಹೀಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

```
=(3*150*40000^2/(4*0.00018))^(1/3)
```

ಈಗ ಮೂರು ಮಟ್ಟಗಳೂ ಸಿಕ್ಕವು. ಕೆಳಗಿನ ಮಿತಿ 80,000. ರಿಟರ್ನ್ ಪಾಯಿಂಟ್ 1,80,000. ಮೇಲಿನ ಮಿತಿ 3,80,000.

ರಿಟರ್ನ್ ಪಾಯಿಂಟ್ ನಡುವೆ ಯಾಕಿಲ್ಲ?

ಭಾವ ಹಾಳೆ ನೋಡಿ ಕೇಳಿದ್ದು ಇದನ್ನೇ. "ಎಂತಕ್ಕೆ ಸರಿ ಮಧ್ಯಕ್ಕೆ ತಂದು ನಿಲ್ಸುದಿಲ್ಲ? ಎರಡೂ ಕಡೆ ಸಮ ಜಾಗ ಇರ್ತದಲ್ಲ." ಒಳ್ಳೆಯ ಪ್ರಶ್ನೆ. ಮಧ್ಯ ಅಂದರೆ 2,30,000. ಅಲ್ಲಿಂದ ಹೊರಟರೆ ಗೆರೆ ಮುಟ್ಟುವುದು ಸ್ವಲ್ಪ ತಡ, ವಹಿವಾಟು ಸ್ವಲ್ಪ ಕಡಿಮೆ, ನಿಜ. ಆದರೆ ಅಕೌಂಟ್‌ನಲ್ಲಿ ಸರಾಸರಿ ಉಳಿಯುವ ದುಡ್ಡು ಜಾಸ್ತಿಯಾಗುತ್ತದೆ, ಮತ್ತು ಆ ದುಡ್ಡಿಗೆ ಬಡ್ಡಿ ಇಲ್ಲ. ಮಿಲ್ಲರ್ ಮತ್ತು ಆರ್ ಈ ಎರಡು ಖರ್ಚನ್ನೂ ಕೂಡಿ ನೋಡಿದಾಗ ಎಲ್ಲಕ್ಕಿಂತ ಕಡಿಮೆ ಬಿದ್ದದ್ದು ಕೆಳಗಿನಿಂದ ಮೂರನೇ ಒಂದು ಪಾಲಿನಲ್ಲಿ. ಬಡ್ಡಿ ಎಷ್ಟೇ ಇರಲಿ, ಖರ್ಚು ಎಷ್ಟೇ ಇರಲಿ, ಈ ಮೂರನೇ ಒಂದು ಬದಲಾಗುವುದಿಲ್ಲ. ಗೆರೆಗಳ ಅಂತರ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ.

ಇದರಿಂದ ಇನ್ನೊಂದು ಸಂಗತಿ ಹೊರಡುತ್ತದೆ, ನನಗೆ ತುಂಬ ಉಪಯೋಗಕ್ಕೆ ಬಂದದ್ದು. ರಿಟರ್ನ್ ಪಾಯಿಂಟ್‌ನಿಂದ ಕೆಳಗಿನ ಗೆರೆ ಒಂದು ಲಕ್ಷ ದೂರ, ಮೇಲಿನದ್ದು ಎರಡು ಲಕ್ಷ ದೂರ. ಹಾಗಾಗಿ ಎರಡು ಸಲ ತೆಗೆದರೆ ಒಂದು ಸಲ ಹಾಕುವುದು, ಇದು ಸಹಜ ಲಯ. ಮೊತ್ತವೂ ಸರಿಹೋಗುತ್ತದೆ: ಎರಡು ಸಲ ಒಂದೊಂದು ಲಕ್ಷ ಹೊರಗೆ, ಒಂದು ಸಲ ಎರಡು ಲಕ್ಷ ಒಳಗೆ.

ನಡೆಸಿ ನೋಡುವುದು

ಬ್ಯಾಲೆನ್ಸ್ 1,80,000 ಇದ್ದ ದಿನ ಶುರು. ಮೇಲಿನ ಹತ್ತು ದಿನವನ್ನೇ ಹಾಕಿದರೆ ಅದು 2,12,000ಕ್ಕೆ ಏರಿ, 1,39,000ಕ್ಕೆ ಇಳಿದು, ಹತ್ತನೇ ದಿನ ಮತ್ತೆ 1,80,000ಕ್ಕೆ ಬರುತ್ತದೆ. ಒಂದು ಗೆರೆಯೂ ಮುಟ್ಟಲಿಲ್ಲ, ಹಾಗಾಗಿ ಏನೂ ಮಾಡಲಿಲ್ಲ. ಏನೂ ಮಾಡದೆ ಕೂರುವುದು ಮೊದಮೊದಲು ಕಷ್ಟ. 2,12,000 ನೋಡಿದ ಕೂಡಲೇ ಮೂವತ್ತು ಸಾವಿರ ಫಂಡ್‌ಗೆ ಹಾಕಿಬಿಡೋಣ ಅನಿಸುತ್ತದೆ. ಅದಕ್ಕೆ ದಿನಕ್ಕೆ ಸಿಗುವುದು ಐದೂವರೆ ರೂಪಾಯಿ, ಹಾಕುವ ಖರ್ಚು 150.

ಆಮೇಲೆ ಊಟದ ಆರ್ಡರ್‌ಗಳು ಸಾಲಾಗಿ ಬಂದವು ಅಂತಿಟ್ಟುಕೊಳ್ಳಿ. +70, +45, -12, +62 ಸಾವಿರ: ಬ್ಯಾಲೆನ್ಸ್ 3,45,000. ಇನ್ನೂ ಸುಮ್ನಿರಬೇಕು. ಮರುದಿನ +41, ಈಗ 3,86,000. ಮೇಲಿನ ಗೆರೆ ದಾಟಿತು. 2,06,000 ಫಂಡ್‌ಗೆ ಹಾಕಿ, 1,80,000ಕ್ಕೆ ಬನ್ನಿ. ಗೆರೆಗೆ ಮಾತ್ರ ಇಳಿಸಿ ಆರು ಸಾವಿರ ಹಾಕಿದರೆ ನಾಳೆಯೇ ಮತ್ತೆ ಮುಟ್ಟುತ್ತದೆ, ಮತ್ತೆ 150. ಆಮೇಲೆ ಮಾರ್ಕೆಟ್ ಬಿಲ್‌ಗಳು: -35, -28, -44. ಬ್ಯಾಲೆನ್ಸ್ 73,000. ಕೆಳಗಿನ ಗೆರೆ ದಾಟಿತು. 1,07,000 ತೆಗೆಯಿರಿ. ಅದು ಬರುವವರೆಗೆ 73,000ದಲ್ಲಿ ಒಂದು ದಿನ ದಾಟಬೇಕು. 55,000ದ ಕೆಟ್ಟ ದಿನ ಬಂದರೂ 18,000 ಉಳಿಯುತ್ತದೆ. ಬ್ಯಾಂಕ್‌ನ ಮಿತಿಗಿಂತ ಕೆಳಗೆ ಹೋಯಿತು, ಆದರೆ ಯಾರ ಪೇಮೆಂಟೂ ನಿಲ್ಲಲಿಲ್ಲ.

ಸರಾಸರಿ ಎಷ್ಟು ದಿನಕ್ಕೊಮ್ಮೆ ಗೆರೆ ಮುಟ್ಟುತ್ತದೆ ಅಂತಲೂ ಲೆಕ್ಕ ಸಿಗುತ್ತದೆ: ಎರಡೂ ಕಡೆಯ ದೂರವನ್ನು ಗುಣಿಸಿ, ಏರಿಳಿತದ ವರ್ಗದಿಂದ ಭಾಗಿಸುವುದು. ಒಂದು ಲಕ್ಷ ಗುಣಿಸು ಎರಡು ಲಕ್ಷ, ಭಾಗಿಸು 160 ಕೋಟಿ: 12.5 ದಿನ. ತಿಂಗಳಿಗೆ ಎರಡೋ ಮೂರೋ ಸಲ ಕೆಲಸ.

ಉಳಿದದ್ದೆಷ್ಟು

ಅಕೌಂಟ್‌ನಲ್ಲಿ ಸರಾಸರಿ ಇರುವ ದುಡ್ಡು ಕೆಳಗಿನ ಮಿತಿ ಪ್ಲಸ್ `Z`ನ ಮೂರನೇ ನಾಲ್ಕು, ಅಂದರೆ 2,13,333. ಮೊದಲು ಐದು ಲಕ್ಷ ಇತ್ತು. 2,86,667 ಫಂಡ್‌ಗೆ ಹೋಯಿತು. ಅದಕ್ಕೆ ವರ್ಷಕ್ಕೆ 6.57% ಅಂದರೆ 18,834. ವಹಿವಾಟಿನ ಖರ್ಚು 12.5 ದಿನಕ್ಕೆ 150, ವರ್ಷಕ್ಕೆ 4,380. ಕೈಗೆ ಉಳಿದದ್ದು ಹದಿನಾಲ್ಕೂವರೆ ಸಾವಿರದ ಹತ್ತಿರ, ಅದರ ಮೇಲೆ ತೆರಿಗೆ ಬೇರೆ. ಬಂಗಾರ ಕೊಳ್ಳುವಷ್ಟೇನಲ್ಲ. ಮೊತ್ತ ನೋಡಿ ನೀವೇ ನಿರ್ಧರಿಸಿ. ನಿಮ್ಮ ಬ್ಯಾಲೆನ್ಸ್ ಯಾವಾಗಲೂ ಒಂದೂವರೆ ಲಕ್ಷದೊಳಗೆ ಇದ್ದರೆ ಈ ಲೆಕ್ಕವನ್ನೇ ಬಿಡಿ, ಹೆಚ್ಚಿನ ದುಡ್ಡು ತಾನಾಗಿಯೇ ಎಫ್‌ಡಿಗೆ ಹೋಗುವ ಆಟೋ ಸ್ವೀಪ್ ಅಕೌಂಟ್ ಕೇಳಿ.

ಅಂಕಿಗಳು ಪಕ್ಕಾ ಇಲ್ಲವಲ್ಲ ಅಂತ ಹೆದರಬೇಡಿ. ಘನಮೂಲ ಇರುವುದರಿಂದ ತಪ್ಪು ಸಣ್ಣದಾಗುತ್ತದೆ. ಖರ್ಚು 150 ಅಲ್ಲ, 300 ಅಂತಿಟ್ಟರೂ `Z` ಏರುವುದು 26% ಮಾತ್ರ.

ಎಡವಿದ್ದೆಲ್ಲಿ

ಮೊದಲ ತಿಂಗಳೇ ಎಡವಿದೆ. ಶುಕ್ರವಾರ ಸಂಜೆ ನಾಲ್ಕಕ್ಕೆ ನೋಡಿದರೆ ಬ್ಯಾಲೆನ್ಸ್ 78,000. ನಿಯಮದ ಪ್ರಕಾರ ತೆಗೆಯಲು ಹಾಕಿದೆ. ಮೂರು ಗಂಟೆ ದಾಟಿತ್ತು. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ, ಸೋಮವಾರ ಬ್ಯಾಂಕ್ ರಜೆ. ಹಾಗಾಗಿ ಅದು ಮಂಗಳವಾರದ ಲೆಕ್ಕಕ್ಕೆ ಸೇರಿ ದುಡ್ಡು ಬಂದದ್ದು ಬುಧವಾರ. ಶನಿವಾರ ಒಂದು ಗೃಹಪ್ರವೇಶ ಇತ್ತು. ಹಾಲು, ಬಾಳೆಎಲೆ, ತರಕಾರಿ, ಬಡಿಸುವ ಹುಡುಗರು, ಎಲ್ಲ ಸೇರಿ 61,000 ಹೋಯಿತು. ಅಕೌಂಟ್‌ನಲ್ಲಿ 17,000. ಭಾನುವಾರ ಪನೀರ್‌ನವನು ಗೋಣಿ ಇಳಿಸಿ ದುಡ್ಡಿಗೆ ನಿಂತ. ಭಾವ ಸ್ವಂತ ಸೇವಿಂಗ್ಸ್ ಅಕೌಂಟ್‌ನಿಂದ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಫಾರ್ಮುಲಾಕ್ಕೆ ಬ್ಯಾಂಕ್ ರಜೆ ಗೊತ್ತಿಲ್ವಾ ಮಾರಾಯ?"

ಗೊತ್ತಿಲ್ಲ. ಬೇಕೆಂದ ಕ್ಷಣ ದುಡ್ಡು ಸಿಗುತ್ತದೆ ಅಂತ ಸೂತ್ರ ತಿಳಿದುಕೊಂಡಿದೆ. ಅವತ್ತಿಂದ ಗುರುವಾರಕ್ಕೆ ಬೇರೆ ಗೆರೆ ಇಟ್ಟೆ. ಶುಕ್ರ, ಶನಿ, ಭಾನು, ಮೂರು ದಿನ ದಾಟಬೇಕು. ಏರಿಳಿತ ಮೂರು ಪಟ್ಟಾಗುವುದಿಲ್ಲ, ಮೂರರ ವರ್ಗಮೂಲದಷ್ಟು, 1.73 ಪಟ್ಟಾಗುತ್ತದೆ. 55,000ದ 1.73 ಪಟ್ಟು 95,000, ಬ್ಯಾಂಕ್‌ನ 25,000 ಸೇರಿಸಿ 1,20,000. ಗುರುವಾರ ಮಧ್ಯಾಹ್ನ ಬ್ಯಾಲೆನ್ಸ್ ಇದಕ್ಕಿಂತ ಕಡಿಮೆ ಇದ್ದರೆ ಮೂರು ಗಂಟೆಯೊಳಗೆ ತೆಗೆದು ರಿಟರ್ನ್ ಪಾಯಿಂಟ್‌ಗೆ ತರುತ್ತೇನೆ. ಸೋಮವಾರ ರಜೆ ಇದ್ದರೆ ಅದನ್ನೂ ಎಣಿಸಿ ನಾಲ್ಕು ದಿನ.

ಎರಡನೇ ತೊಂದರೆ ನಿಧಾನವಾಗಿ ಕಾಣುತ್ತದೆ. ಎರಡು ತೆಗೆತಕ್ಕೆ ಒಂದು ಹಾಕು ಅಂದೆನಲ್ಲ, ಅದನ್ನು ಮೂರು ತಿಂಗಳಿಗೊಮ್ಮೆ ಎಣಿಸಿ. ಒಂದು ಸಲ ನಮ್ಮಲ್ಲಿ ಐದು ಸಲ ಹಾಕಿ, ಒಂದೇ ಸಲ ತೆಗೆದದ್ದು ಸಿಕ್ಕಿತು. ಅಂದರೆ ಬ್ಯಾಲೆನ್ಸ್ ಸುಮ್ನೆ ಏರಿಳಿಯುತ್ತಿರಲಿಲ್ಲ, ಒಂದೇ ಕಡೆಗೆ ಹರಿಯುತ್ತಿತ್ತು. ಅದು ಲಾಭ, ಭಾವ ಮನೆಗೆ ತೆಗೆದುಕೊಂಡಿರಲಿಲ್ಲ. ತಿಂಗಳಿಗೆ ಇಷ್ಟು ಅಂತ ಗೊತ್ತುಮಾಡಿ ಹೊರಗೆ ತೆಗೆದ ಮೇಲೆ ಲಯ ಸರಿಯಾಯಿತು. ಬರೀ ತೆಗೆಯುವುದೇ ಆಗುತ್ತಿದ್ದರೆ ಸೂತ್ರ ಬದಿಗಿಟ್ಟು ಉಧಾರಿ ಪುಸ್ತಕ ನೋಡಿ.

ಮೂರನೆಯದು ಸೀಸನ್. ಗಣಪತಿ ಮುಗಿದು ಪಿತೃಪಕ್ಷ ಬಂದರೆ ಶುಭಕಾರ್ಯದ ಊಟ ನಿಂತುಬಿಡುತ್ತದೆ, ಕ್ಯಾಂಟೀನ್ ಮಾತ್ರ. ಏರಿಳಿತ 20,000ಕ್ಕೆ ಇಳಿದರೆ `Z` 63,000, ರಿಟರ್ನ್ ಪಾಯಿಂಟ್ 1,43,000, ಮೇಲಿನ ಮಿತಿ 2,69,000. ಮದುವೆ ಸೀಸನ್‌ನಲ್ಲಿ ಏರಿಳಿತ 60,000 ಆದರೆ `Z` 1,31,000. ಆಗ ಕೆಟ್ಟ ದಿನವೂ ದೊಡ್ಡದು, ಕೆಳಗಿನ ಗೆರೆಯನ್ನು 1,10,000ಕ್ಕೆ ಏರಿಸುತ್ತೇನೆ. ರಿಟರ್ನ್ ಪಾಯಿಂಟ್ 2,41,000, ಮೇಲಿನ ಮಿತಿ 5,03,000. ಹೀಗೆ ಮೂರು ಸೀಸನ್‌ಗೆ ಮೂರು ಚೀಟಿ. ಈಗಿನದ್ದು ಯಾವುದೋ ಅದನ್ನು ಭಾವ ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದಾರೆ, ಗುರುವಾರದ ಅಂಕಿಯ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದು.